ದೊಡ್ಡ ಕಾರ್ಖಾನೆಯೋ, ಎಂಟು ಜನರ ಸ್ಟಾರ್ಟಪ್ಪೋ: ಒಂದೇ ಫಾಲ್ಟ್, ಎರಡು ಕಡೆಯ ಕಲಿಕೆ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಇನ್‌ಸ್ಟ್ರುಮೆಂಟೇಶನ್ ಅಥವಾ ಎಲೆಕ್ಟ್ರಿಕಲ್ ಓದಿ ಹೊರಬಂದವರ ಮುಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ಒಂದು, ತೋರಣಗಲ್ಲಿನಂಥ ಕಡೆ ದೊಡ್ಡ ಉಕ್ಕಿನ ಕಾರ್ಖಾನೆಯಲ್ಲಿ ಟ್ರೈನಿ ಆಗಿ ಸೇರುವುದು. ಇನ್ನೊಂದು, ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟಿಕೊಟ್ಟು, ಪಿಎಲ್‌ಸಿ ಪ್ರೋಗ್ರಾಂ ಬರೆದು, ಮಾಲೀಕರು ಮೊಬೈಲಿನಲ್ಲೇ ಬಾಯ್ಲರ್ ನೋಡುವ ವ್ಯವಸ್ಥೆ ಮಾಡುವ ಏಳೆಂಟು ಜನರ ಆಟೊಮೇಶನ್ ಸ್ಟಾರ್ಟಪ್ ಸೇರುವುದು. ಯಾವುದರಲ್ಲಿ ಹೆಚ್ಚು ಕಲಿಯಬಹುದು ಎಂದು ಕೇಳಿದರೆ ಎರಡೂ ಕಡೆಯವರು ತಮ್ಮದೇ ಮೇಲು ಅನ್ನುತ್ತಾರೆ. ಅದನ್ನು ಬಿಟ್ಟು, ನಮ್ಮ ಕೆಲಸದಲ್ಲಿ ದಿನಬೆಳಗಾದರೆ ಬರುವ ಒಂದು ಫಾಲ್ಟ್ ಹಿಡಿದು ನೋಡೋಣ. ಅದೇ ಫಾಲ್ಟ್ ಎರಡು ಕಡೆ ಬಂದಾಗ ಹೊಸಬನ ಕೈಗೆ ಏನು ದಕ್ಕುತ್ತದೆ, ಏನು ದಕ್ಕುವುದಿಲ್ಲ ಎಂಬುದು ಆಗ ಕಾಣುತ್ತದೆ.

ಭತ್ತ ಬೇಯಿಸಲು ಹಬೆ ಕೊಡುವ ಒಂದು ಬಾಯ್ಲರ್ ಎಂದಿಟ್ಟುಕೊಳ್ಳಿ. ಮೇಲಿನ ಡಯಲ್ ಗೇಜಿನಲ್ಲಿ ಪ್ರೆಶರ್ 8 ಕೆಜಿ ಇದೆ, ಪ್ಯಾನೆಲ್ ಸ್ಕ್ರೀನಿನಲ್ಲಿ 6 ಕೆಜಿ ಇದೆ. ಟ್ರಾನ್ಸ್‌ಮಿಟರ್ ಪ್ರೆಶರನ್ನು 4ರಿಂದ 20 ಮಿಲಿ ಆಂಪಿಯರ್ ಕರೆಂಟ್ ಆಗಿ ಕಳಿಸುತ್ತದೆ, ಪಿಎಲ್‌ಸಿ ಅದನ್ನು ಮತ್ತೆ ಪ್ರೆಶರ್ ಮಾಡಿಕೊಳ್ಳುತ್ತದೆ. ಲೆಕ್ಕ ಇಷ್ಟೇ:

```
ಪ್ರೆಶರ್ = (mA - 4) / 16 × ರೇಂಜ್
```

ಮೊದಲು ಗೇಜೇ ಸುಳ್ಳು ಹೇಳುತ್ತಿದೆಯೇ ಎಂದು ಇನ್ನೊಂದು ಗೇಜ್ ಹಾಕಿ ನೋಡಬೇಕು. ಗೇಜ್ ಸರಿ ಇದ್ದರೆ ಮಲ್ಟಿಮೀಟರನ್ನು ಲೂಪಿನಲ್ಲಿ ಸೀರೀಸ್ ಹಾಕಿ ಕರೆಂಟ್ ಅಳೆಯಬೇಕು. 12 ಮಿಲಿ ಆಂಪಿಯರ್ ಬಂತು ಅನ್ನಿ. 4ಕ್ಕೂ 20ಕ್ಕೂ ಅದು ನಟ್ಟನಡುವೆ, ಅಂದರೆ ಟ್ರಾನ್ಸ್‌ಮಿಟರ್ ತನ್ನ ರೇಂಜಿನ ಅರ್ಧ ಹೇಳುತ್ತಿದೆ. ಅದರ ನೇಮ್‌ಪ್ಲೇಟ್ ಮೇಲೆ 0ರಿಂದ 16 ಕೆಜಿ ಎಂದಿದೆ, ಅರ್ಧ 8. ಟ್ರಾನ್ಸ್‌ಮಿಟರ್ ಹೇಳುತ್ತಿರುವುದು ಸರಿ. ಹಾಗಾದರೆ ಪಿಎಲ್‌ಸಿಗೆ 6 ಎಲ್ಲಿಂದ ಬಂತು? ಪ್ರೋಗ್ರಾಂನ ಸ್ಕೇಲಿಂಗಿನಲ್ಲಿ ರೇಂಜ್ 12 ಎಂದು ಉಳಿದಿದೆ, 12ರ ಅರ್ಧ 6. ಮೊದಲಿದ್ದ 0-12ರ ಟ್ರಾನ್ಸ್‌ಮಿಟರ್ ಕೆಟ್ಟಾಗ ಅಂಗಡಿಯಲ್ಲಿ ಸಿಕ್ಕ 0-16ರದ್ದನ್ನು ಯಾರೋ ಹಾಕಿದ್ದಾರೆ, ಪ್ರೋಗ್ರಾಂ ಮುಟ್ಟಿಲ್ಲ.

ಇದು ಬರೀ ಸ್ಕ್ರೀನಿನ ತಪ್ಪಲ್ಲ. 10 ಕೆಜಿ ಆದಾಗ ಹೊಟ್ಟಿನ ಫೀಡರ್ ನಿಲ್ಲಬೇಕು ಎಂದು ಪ್ರೋಗ್ರಾಂ ಇದ್ದರೆ, ಪಿಎಲ್‌ಸಿಗೆ 10 ಕಾಣುವ ಹೊತ್ತಿಗೆ ಬಾಯ್ಲರಿನಲ್ಲಿ ನಿಜವಾಗಿ 13.3 ಕೆಜಿ ಇರಬೇಕಾಗುತ್ತದೆ. 10.5ಕ್ಕೆ ಸೆಟ್ ಮಾಡಿದ ಸೇಫ್ಟಿ ವಾಲ್ವ್ ಅದಕ್ಕಿಂತ ಮುಂಚೆ ಎತ್ತಿಕೊಳ್ಳುತ್ತದೆ, ನಿಜ. ಆದರೆ ಎರಡು ಕಾವಲು ಇರಬೇಕಾದ ಕಡೆ ಒಂದೇ ಉಳಿಯಿತು. ಸೇಫ್ಟಿ ವಾಲ್ವ್ ಪದೇ ಪದೇ ಹಾರುತ್ತಿದ್ದು, ಸ್ಕ್ರೀನಿನಲ್ಲಿ ಮಾತ್ರ 7.9 ಕಾಣುತ್ತಿದ್ದರೆ ಈ ತಪ್ಪನ್ನೇ ಮೊದಲು ಹುಡುಕಬೇಕು.

ಈಗ ಈ ಫಾಲ್ಟ್ ಸ್ಟಾರ್ಟಪ್ಪಿನ ಹುಡುಗನ ಕೈಗೆ ಬರಲಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಸುಗ್ಗಿ, ಮಿಲ್ ಹಗಲು ರಾತ್ರಿ ಓಡುತ್ತಿದೆ. ಸೇರಿ ಮೂರು ತಿಂಗಳಾದವನನ್ನೇ ಲ್ಯಾಪ್‌ಟಾಪ್ ಕೊಟ್ಟು ಕಳಿಸುತ್ತಾರೆ. ಮಾಲೀಕರು ಪಕ್ಕದಲ್ಲೇ ನಿಂತು "ತಮ್ಮಾ, ಎಷ್ಟೊತ್ತು ಆಕ್ಕೈತಿ?" ಅನ್ನುತ್ತಿರುತ್ತಾರೆ. ಅವನೇ ಗೇಜ್ ನೋಡುತ್ತಾನೆ, ಕರೆಂಟ್ ಅಳೆಯುತ್ತಾನೆ, ಪ್ರೋಗ್ರಾಂ ತೆರೆದು 12ನ್ನು 16 ಮಾಡಿ ಡೌನ್‌ಲೋಡ್ ಮಾಡುತ್ತಾನೆ, ಮಾಲೀಕರಿಗೆ ಅರ್ಥವಾಗುವ ಮಾತಿನಲ್ಲಿ ಕಾರಣ ಹೇಳುತ್ತಾನೆ. ಸೆನ್ಸರಿನಿಂದ ಹಿಡಿದು ಫೀಡರ್ ಮೋಟರಿನವರೆಗೆ ಇಡೀ ಸರಪಳಿ ಒಂದೇ ಮಧ್ಯಾಹ್ನ ಅವನ ತಲೆಯಲ್ಲಿ ಕೂಡಿಕೊಳ್ಳುತ್ತದೆ. ಇಷ್ಟು ಬೇಗ ಇದು ದೊಡ್ಡ ಕಾರ್ಖಾನೆಯಲ್ಲಿ ಆಗುವುದು ಅಪರೂಪ. ಸ್ಟಾರ್ಟಪ್ಪಿನ ನಿಜವಾದ ಬಲ ಇದೇ ಎಂದು ನಾನು ನಂಬುತ್ತೇನೆ.

ತೊಂದರೆ ಆಮೇಲೆ ಶುರುವಾಗುತ್ತದೆ. ತಿದ್ದಿದ ಪ್ರೋಗ್ರಾಂ ಅವನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದೆ, ಡ್ರಾಯಿಂಗಿನಲ್ಲಿ ಇನ್ನೂ 0-12 ಎಂದೇ ಇದೆ. ಎರಡು ತಿಂಗಳ ಮೇಲೆ ಅದೇ ಮಿಲ್ಲಿಗೆ ಬೇರೇನೋ ಕೆಲಸಕ್ಕೆಂದು ಹೋದ ಇನ್ನೊಬ್ಬ ಹುಡುಗ ತನ್ನಲ್ಲಿದ್ದ ಹಳೆಯ ಪ್ರೋಗ್ರಾಂ ಡೌನ್‌ಲೋಡ್ ಮಾಡಿದರೆ 12 ಮತ್ತೆ ಬಂದು ಕೂರುತ್ತದೆ. ಮಿಲ್ಲಿನವರಿಂದ ಅದೇ ಫೋನು, ಅದೇ ದೂರು. ಮೇಲೆ ಯಾರೂ ನೋಡುವವರಿಲ್ಲದಿದ್ದರೆ ಹುಡುಗ ಇದನ್ನು "ಸೆಟ್ಟಿಂಗ್ ತಾನಾಗೇ ಹೋಗಿತ್ತು ಸರ್" ಎಂದು ಮುಗಿಸುತ್ತಾನೆ, ಹಾಗೆಂದು ನಂಬಿಯೂ ಬಿಡುತ್ತಾನೆ. ಕೆಲಸ ಬಂತು, ಆದರೆ ತಪ್ಪು ಎಲ್ಲಿ ಹುಟ್ಟಿತು ಎಂಬುದು ಬರಲಿಲ್ಲ. ಹೀಗೆ ಮೂರು ವರ್ಷ ಕಳೆದವರು ಚುರುಕಾಗಿಯೇ ಇರುತ್ತಾರೆ, ಆದರೆ ದೊಡ್ಡ ಪ್ಲಾಂಟಿನಲ್ಲಿ ಅವರ ಕೈಗೆ ಕೆಲಸ ಕೊಡಲು ಶಿಫ್ಟ್ ಇನ್‌ಚಾರ್ಜ್ ಹಿಂಜರಿಯುತ್ತಾರೆ.

ಅದೇ ಫಾಲ್ಟ್ ದೊಡ್ಡ ಕಾರ್ಖಾನೆಯಲ್ಲಿ ಬಂದರೆ ಟ್ರೈನಿ ಅದನ್ನು ನೇರವಾಗಿ ಮುಟ್ಟುವಂತಿಲ್ಲ. ಮೊದಲು ಜಾಬ್ ಕಾರ್ಡ್, ಆಮೇಲೆ ವರ್ಕ್ ಪರ್ಮಿಟ್. ಟ್ರಾನ್ಸ್‌ಮಿಟರಿನ ವೈರ್ ಬಿಚ್ಚಿದ ಕೂಡಲೇ ಕರೆಂಟ್ ಸೊನ್ನೆಯಾಗುತ್ತದೆ. ಪ್ರೆಶರ್ ಬಿತ್ತು ಎಂದು ತಿಳಿದು ಇಂಟರ್‌ಲಾಕ್ ಯಂತ್ರವನ್ನೇ ನಿಲ್ಲಿಸಿಬಿಡಬಹುದು. ಅದಕ್ಕೇ ಕಂಟ್ರೋಲ್ ರೂಮಿನವರ ಸಹಿ ಪಡೆದು ಇಂಟರ್‌ಲಾಕ್ ಬೈಪಾಸ್ ಮಾಡುತ್ತಾರೆ, ಕೆಲಸ ಮುಗಿದ ಮೇಲೆ ಬೈಪಾಸ್ ತೆಗೆದದ್ದಕ್ಕೂ ಸಹಿ ಇರುತ್ತದೆ. ಹೊಸಬರಿಗೆ ಇದೆಲ್ಲ ಕಾಗದದ ಕಾಟ ಅನಿಸುತ್ತದೆ. ಹಾಕಿದ ಬೈಪಾಸ್ ತೆಗೆಯಲು ಮರೆತರೆ ಮುಂದಿನ ಶಿಫ್ಟಿನವರು ಕಾವಲಿಲ್ಲದ ಯಂತ್ರ ಓಡಿಸುತ್ತಾರೆ, ಆ ಎರಡನೇ ಸಹಿ ಇರುವುದು ಅದಕ್ಕೆ. ಬಳಿಕ ಹ್ಯಾಂಡ್ ಪಂಪ್ ಮತ್ತು ಕ್ಯಾಲಿಬ್ರೇಟರ್ ಹಾಕಿ ರೇಂಜಿನ 0, 25, 50, 75, 100 ಶೇಕಡಾದಲ್ಲಿ ಪ್ರೆಶರ್ ಕೊಟ್ಟು 4, 8, 12, 16, 20 ಮಿಲಿ ಆಂಪಿಯರ್ ಬರುತ್ತದೆಯೇ ನೋಡುತ್ತಾರೆ. ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಏಕೆಂದರೆ ಕೆಲವು ಟ್ರಾನ್ಸ್‌ಮಿಟರ್ ಏರುವಾಗ ಸರಿ ಹೇಳಿ ಇಳಿಯುವಾಗ ತಪ್ಪುತ್ತವೆ. ಎಲ್ಲವನ್ನೂ ಕ್ಯಾಲಿಬ್ರೇಶನ್ ಶೀಟಿನಲ್ಲಿ ಬರೆದಾಗ, ಹಳೆಯ ಶೀಟಿನಲ್ಲಿ 12, ಇದರಲ್ಲಿ 16 ಎಂಬುದು ತಾನಾಗೇ ಕಣ್ಣಿಗೆ ಬೀಳುತ್ತದೆ. ರೇಂಜ್ ಬದಲಾದರೆ ಟ್ಯಾಗ್, ಶೀಟ್, ಪ್ರೋಗ್ರಾಂ ಮೂರೂ ಬದಲಾಗಬೇಕು ಎಂಬ ಪಾಠ ಅಲ್ಲಿ ಮೈಗೂಡುತ್ತದೆ.

ಆದರೆ ಪ್ರೋಗ್ರಾಂನಲ್ಲಿ 16 ಹಾಕುವವರು ಬೇರೆ ವಿಭಾಗದವರು. ಟ್ರೈನಿ ಒಂದು ಬದಲಾವಣೆ ಚೀಟಿ ಕಳಿಸಿ ಕಾಯುತ್ತಾನೆ, ಅವರು ಏನು ಮಾಡಿದರು ಎಂದು ನೋಡುವುದೂ ಇಲ್ಲ. ಇನ್ನೂ ಕೆಟ್ಟ ಸಂದರ್ಭ ಎಂದರೆ ಟ್ರಾನ್ಸ್‌ಮಿಟರ್ ಬಿಚ್ಚುವುದು, ಪಂಪ್ ಹೊಡೆಯುವುದು ಕಾಂಟ್ರಾಕ್ಟ್ ಏಜೆನ್ಸಿಯ ಟೆಕ್ನಿಷಿಯನ್, ಟ್ರೈನಿ ಪಕ್ಕದಲ್ಲಿ ನಿಂತು ಪರ್ಮಿಟ್ ತುಂಬುವುದು. ಎರಡು ವರ್ಷ ಹೀಗೆ ಕಳೆದರೆ ಬಯೋಡೇಟಾದಲ್ಲಿ ದೊಡ್ಡ ಹೆಸರಿರುತ್ತದೆ, ಮಲ್ಟಿಮೀಟರನ್ನು ಸೀರೀಸ್ ಹಾಕುವಾಗ ಕೈ ನಡುಗುತ್ತದೆ. ಆದ್ದರಿಂದ ಕಂಪನಿ ದೊಡ್ಡದೇ ಚಿಕ್ಕದೇ ಎನ್ನುವುದಕ್ಕಿಂತ ಎರಡು ವಿಷಯ ತಿಳಿಯಬೇಕು: ಕೆಲಸ ನನ್ನ ಕೈಯಿಂದ ಆಗುತ್ತದೆಯೇ, ಆದ ಕೆಲಸವನ್ನು ಬಲ್ಲವರು ಯಾರಾದರೂ ನೋಡಿ ತಿದ್ದುತ್ತಾರೆಯೇ. ಒಂದಿದ್ದು ಇನ್ನೊಂದಿಲ್ಲದ ಕಡೆ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ.

ಇದನ್ನು ಸೇರುವ ಮೊದಲೇ ತಿಳಿಯಬಹುದು. ಸ್ಟಾರ್ಟಪ್ಪಿನವರು ಮಾತಿಗೆ ಕರೆದಾಗ ಅವರ ಹಿಂದಿನ ಯಾವುದಾದರೂ ಒಂದು ಮಿಲ್ಲಿನ ಪ್ಯಾನೆಲ್ ಡ್ರಾಯಿಂಗ್ ತೋರಿಸಲು ಕೇಳಿ. ರಿವಿಷನ್ ನಂಬರ್, ತಾರೀಖು ಇದ್ದು, ಸೈಟಿನಲ್ಲಿ ಆದ ಬದಲಾವಣೆ ಕೆಂಪು ಪೆನ್ನಿನಲ್ಲಾದರೂ ಗುರುತಾಗಿದ್ದರೆ ಅಲ್ಲಿ ತಿದ್ದುವವರಿದ್ದಾರೆ ಎಂದರ್ಥ. ಪ್ರೋಗ್ರಾಂ ಬ್ಯಾಕಪ್ ಎಲ್ಲಿಡುತ್ತೀರಿ ಎಂದು ಕೇಳಿ. "ಸೈಟಿಗೆ ಹೋದವರ ಲ್ಯಾಪ್‌ಟಾಪಿನಲ್ಲಿ ಇರುತ್ತದೆ" ಎಂಬ ಉತ್ತರ ಬಂದರೆ ಮೇಲಿನ 12-16ರ ಕಥೆ ಅಲ್ಲಿ ನಡೆದೇ ನಡೆಯುತ್ತದೆ. ನಾನು ಬರೆದ ಪ್ರೋಗ್ರಾಂ ಮಿಲ್ಲಿಗೆ ಹೋಗುವ ಮೊದಲು ಯಾರು ನೋಡುತ್ತಾರೆ ಎಂದೂ ಕೇಳಿ. ಇದಕ್ಕೆ ಒಬ್ಬರ ಹೆಸರು ಬರಬೇಕು, ಅವರಿಗೆ ಈ ಕೆಲಸದಲ್ಲಿ ಏಳೆಂಟು ವರ್ಷವಾದರೂ ಆಗಿರಬೇಕು. "ಎಲ್ಲರೂ ಸೇರಿ ನೋಡ್ತೀವಿ" ಎಂದರೆ ಯಾರೂ ನೋಡುವುದಿಲ್ಲ.

ದೊಡ್ಡ ಕಾರ್ಖಾನೆಯ ಸಂದರ್ಶನದಲ್ಲಿ ಇಷ್ಟು ಕೇಳಲು ಅವಕಾಶ ಸಿಗುವುದಿಲ್ಲ. ಅಲ್ಲಿ ಹೋದ ವರ್ಷ ಸೇರಿದವರನ್ನು ಹುಡುಕಿ ಮಾತಾಡಬೇಕು, ನಿಮ್ಮದೇ ಕಾಲೇಜಿನ ಸೀನಿಯರ್ ಒಬ್ಬರಾದರೂ ಸಿಗುತ್ತಾರೆ. ಯಾವ ವಿಭಾಗಕ್ಕೆ ಹಾಕಿದರು, ಮೊದಲ ಆರು ತಿಂಗಳಲ್ಲಿ ಬೇರೆ ವಿಭಾಗ ತೋರಿಸಿದರೇ, ಕ್ಯಾಲಿಬ್ರೇಶನ್ ಸ್ವಂತ ಕೈಯಲ್ಲಿ ಮಾಡಿದ್ದೀರಾ ಎಂದು ಕೇಳಿ. ಆಫರ್ ಲೆಟರ್ ಕಾರ್ಖಾನೆಯದೋ, ಒಳಗೆ ಕೆಲಸ ಮಾಡುವ ಏಜೆನ್ಸಿಯದೋ ಎಂದು ತಲೆಬರಹ ನೋಡಿ ಖಾತ್ರಿ ಮಾಡಿಕೊಳ್ಳಿ. ಗೇಟ್ ಒಂದೇ ಆದರೂ ತರಬೇತಿ ಒಂದೇ ಅಲ್ಲ.

ಹಣದ ಮಾತು ಚಿಕ್ಕದಾಗಿ ಹೇಳುತ್ತೇನೆ. ಸಿಟಿಸಿ ಹೋಲಿಸಬೇಡಿ, ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿರುತ್ತದೆ. ಕೈಗೆ ಬರುವ ಸಂಬಳ ಕೇಳಿ. ಮಿಲ್ಲುಗಳಿಂದ ಬಾಕಿ ಬರುವುದು ತಡವಾದರೆ ಚಿಕ್ಕ ಕಂಪನಿಯಲ್ಲಿ ಸಂಬಳವೂ ತಡವಾಗುತ್ತದೆ, ಹೋದ ಸುಗ್ಗಿಯಲ್ಲಿ ಹಾಗಾಗಿತ್ತೇ ಎಂದು ಅಲ್ಲಿನ ಹುಡುಗರನ್ನೇ ವಿಚಾರಿಸಿ. 20 ಜನರಿಗಿಂತ ಕಡಿಮೆ ಇರುವ ಕಡೆ ಪಿಎಫ್ ಕಡ್ಡಾಯವಲ್ಲ. ಸಂಬಳದಿಂದ ಪಿಎಫ್ ಹಿಡಿದರೆ ಅದು ಖಾತೆಗೆ ಜಮೆಯಾಗಿದೆಯೇ ಎಂದು ಎರಡನೇ ತಿಂಗಳಲ್ಲೇ ಪಾಸ್‌ಬುಕ್ ನೋಡಿ.

ಬಾಂಡ್ ವಿಷಯದಲ್ಲಿ "ಅದೇನು ಬಿಡಿ, ಕೋರ್ಟಿನಲ್ಲಿ ನಿಲ್ಲಲ್ಲ" ಎಂಬ ಮಾತು ನಂಬಿ ಸಹಿ ಹಾಕಬೇಡಿ. ಮೂರು ವರ್ಷ ಸೇವೆ ಮಾಡಬೇಕು, ಇಲ್ಲವಾದರೆ 2 ಲಕ್ಷ ಕಟ್ಟಬೇಕು ಎಂದು ಬ್ಯಾಂಕೊಂದು ಹಾಕಿದ್ದ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಎಷ್ಟು ತಿಂಗಳು, ಎಷ್ಟು ಹಣ ಎಂಬುದನ್ನು ಓದಿಯೇ ಸಹಿ ಮಾಡಿ. ಮೂಲ ಅಂಕಪಟ್ಟಿ ಮಾತ್ರ ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ತನ್ನಿ.

ನನ್ನ ಅಭಿಪ್ರಾಯ ಕೇಳಿದರೆ, ತಿದ್ದುವ ಹಿರಿಯರೊಬ್ಬರು ನಿತ್ಯ ಜೊತೆಗಿರುವ ಸ್ಟಾರ್ಟಪ್ ಸಿಕ್ಕರೆ ಅದನ್ನೇ ಹಿಡಿಯಿರಿ, ಸಂಬಳ ಸ್ವಲ್ಪ ಕಡಿಮೆಯಾದರೂ ಸರಿ. ಅಂಥವರಿಲ್ಲದಿದ್ದರೆ ಮೊದಲು ದೊಡ್ಡ ಕಾರ್ಖಾನೆಯಲ್ಲಿ ಒಂದೂವರೆ ಎರಡು ವರ್ಷ ಇದ್ದು ಪರ್ಮಿಟ್, ಕ್ಯಾಲಿಬ್ರೇಶನ್, ದಾಖಲೆಯ ಶಿಸ್ತು ಕಲಿತು, ಆಮೇಲೆ ಚಿಕ್ಕ ಕಡೆ ಹೋಗುವುದು ಒಳ್ಳೆಯದು. ದೊಡ್ಡ ಕಡೆ ಇದ್ದಾಗ ಒಂದು ವರ್ಷ ದಾಟಿಯೂ ಪ್ರೋಗ್ರಾಂ ತೆರೆದು ನೋಡಲು ಸಿಗದಿದ್ದರೆ, ನೀವು ಕಳಿಸಿದ ಬದಲಾವಣೆ ಚೀಟಿ ಹಿಡಿದು ಪಿಎಲ್‌ಸಿ ವಿಭಾಗಕ್ಕೆ ಹೋಗಿ, ಅದನ್ನು ಹಾಕುವಾಗ ಪಕ್ಕದಲ್ಲಿ ಕೂರಲು ಕೇಳಿ. ಅಷ್ಟಕ್ಕೂ ಬಿಡದಿದ್ದರೆ ವಿಭಾಗ ಬದಲಿಸಿಕೊಡಿ ಎಂದು ಬರೆದು ಕೊಡಿ. ಸ್ಟಾರ್ಟಪ್ಪಿನಲ್ಲಿದ್ದು ಆರು ತಿಂಗಳಲ್ಲಿ ಒಂದೇ ಮಿಲ್ಲಿಗೆ ಒಂದೇ ಫಾಲ್ಟಿಗೆ ಮೂರನೇ ಸಲ ಹೋಗುವಂತಾದರೆ, ಬ್ಯಾಕಪ್‌ಗೆ ತಾರೀಖು ಹಾಕಿ ಎಲ್ಲರಿಗೂ ಸಿಗುವ ಒಂದೇ ಕಡೆ ಇಡುವ ಕೆಲಸವನ್ನು ನೀವೇ ಶುರು ಮಾಡಿ. ಅದಕ್ಕೂ ಅಲ್ಲಿ ಒಪ್ಪಿಗೆ ಸಿಗದಿದ್ದರೆ ಬೇರೆ ಕಡೆ ಅರ್ಜಿ ಹಾಕುವ ಕಾಲ ಬಂದಿದೆ.