'ನೋಡಿಕೊಳ್ಳಿ' ಅಂದ್ರೆ ಏನು ನೋಡೋದು?

ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲಿನಲ್ಲಿ ಎಣ್ಣೆ ಸೋಸುವ ಫಿಲ್ಟರ್ ಪ್ರೆಸ್‌ಗೆ ಕೆಲಸದ ಹಾಳೆ ಬರೆದವನು ನಾನೇ. 'ಪ್ರೆಶರ್ ಜಾಸ್ತಿಯಾಗದಂತೆ ನೋಡಿಕೊಳ್ಳಿ, ಪಂಪ್ ನಿಲ್ಲಿಸಿ ಪ್ರೆಶರ್ ಇಳಿಸಿ ಪ್ಲೇಟ್ ಬಿಚ್ಚಿ' ಅಂತ ಒಂದೇ ಸಾಲು. ಹಗಲು ಪಾಳಿಯವರು ಗೇಜ್ 2 ಬಾರ್ ತೋರಿಸಿದರೆ ನಿಲ್ಲಿಸುತ್ತಿದ್ದರು, ರಾತ್ರಿಯವರು 4ಕ್ಕೆ. ಇಬ್ಬರೂ ಹಾಳೆ ಓದಿದವರೇ! ಮೊನ್ನೆ ಒಬ್ಬರು ಪ್ರೆಶರ್ ಇಳಿಸೋದು ಮರೆತು ಪ್ಲೇಟ್ ಸಡಿಲ ಮಾಡಿದರು. ಬಿಸಿ ಶೇಂಗಾ ಎಣ್ಣೆ ಚಿಮ್ಮಿತು. ಪುಣ್ಯಕ್ಕೆ ಅಂಗಿ ಮಾತ್ರ ಹಾಳಾಯಿತು.

ಈಗ ಸಾಲಿಗೆ ಒಂದೇ ಕೆಲಸ. ನಮ್ಮ ಮಷೀನಿಗೆ ಹೀಗೆ: 'ಗೇಜ್ 3 ಬಾರ್ ತೋರಿಸಿದಾಗ ಪಂಪ್ ಆಫ್ ಮಾಡಿ.' 'ಎಣ್ಣೆ ಒಳಬರುವ ವಾಲ್ವ್ ಮುಚ್ಚಿ.' 'ಡ್ರೇನ್ ವಾಲ್ವ್ ಪೂರ್ತಿ ತೆರೆಯಿರಿ.' 'ಗೇಜ್ ಸೊನ್ನೆಗೆ ಬರುವವರೆಗೆ ಕಾಯಿರಿ.' ಪ್ಲೇಟಿನ ಮಾತು ಆಮೇಲೆ.

ಇವತ್ತು ರಾತ್ರಿ ಪಾಳಿಯವರಿಗೆ ಹಾಳೆ ಕೊಟ್ಟು, ಬಾಯಿ ಬಿಡದೆ ಸುಮ್ನೆ ನಿಂತು ನೋಡಬೇಕು. ಅದೇ ಕಷ್ಟ!