ಕೊಟೇಶನ್ ಜೊತೆಗಿನ ಪತ್ರದಲ್ಲಿ ನಾನು ಬರೆಯದೇ ಬಿಟ್ಟಿದ್ದು

'ಟೆರೇಸ್ ವಾಟರ್‌ಪ್ರೂಫಿಂಗ್, ಮೆಟೀರಿಯಲ್ ಮತ್ತು ಲೇಬರ್ ಸೇರಿ.' ಕೊಟೇಶನ್ ಮೇಲಿನ ಪತ್ರದಲ್ಲಿ ಕೆಲಸದ ಬಗ್ಗೆ ನಾನು ಬರೆದಿದ್ದು ಈ ಒಂದೇ ಸಾಲು. ಕೆಳಗೆ 15 ದಿನ ವ್ಯಾಲಿಡಿಟಿ, 50 ಪರ್ಸೆಂಟ್ ಅಡ್ವಾನ್ಸ್, ಕೆಲಸ ಮುಗಿದ ಮೇಲೆ ಬಾಕಿ. ಹಳೇ ಫಾರ್ಮ್ಯಾಟ್ ತೆಗೆದು ಹೆಸರು, ತಾರೀಕು ಬದಲಿಸಿ ಕಳಿಸಿಬಿಟ್ಟೆ.

ಮನೆ ಮಾಲೀಕರು ಫೋನ್ ಮಾಡಿದ್ದು 40ನೇ ದಿನ. 'ಅದೇ ರೇಟ್ ತಾನೇ?' ಅಂದರು. ಕೆಲಸ ಕೈತಪ್ಪಬಾರದು ಅಂತ ಹೂಂ ಅಂದೆ. ಅಷ್ಟರಲ್ಲಿ ಕೋಟಿಂಗ್ ಡಬ್ಬದ ರೇಟ್ ಏರಿತ್ತು. 15 ದಿನ ಅಂತ ಬರೆದವನೂ ನಾನೇ, ಬಾಯಲ್ಲಿ ಅಳಿಸಿದವನೂ ನಾನೇ.

ಮೊದಲ ದಿನ ಮೇಸ್ತ್ರಿ ಸುತ್ತಿಗೆ ಹಿಂಭಾಗದಿಂದ ನೆಲ ತಟ್ಟುತ್ತಾ ಹೋದ. ಅರ್ಧ ಟೆರೇಸ್‌ ಟೊಳ್ಳು ಸದ್ದು ಕೊಟ್ಟಿತು. ಹಳೇ ಗಾರೆ ಸ್ಲ್ಯಾಬ್ ಬಿಟ್ಟು ಎದ್ದಿತ್ತು. ಅದರ ಮೇಲೆ ಕೋಟಿಂಗ್ ಬಳಿದರೆ ಗಾರೆ ಅಲುಗಿದಾಗ ಪದರವೂ ಹರಿಯುತ್ತದೆ. ಕಿತ್ತೇ ಹಾಕಬೇಕು. 'ಇದು ಎಕ್ಸ್‌ಟ್ರಾ ಆಗುತ್ತೆ ಸರ್' ಅಂದೆ. ಅವರು ಒಳಗೆ ಹೋಗಿ ನನ್ನ ಪತ್ರ ತಂದು ಆ ಸಾಲಿನ ಮೇಲೆ ಬೆರಳಿಟ್ಟರು. 'ಹಳೇದು ಕೀಳುವುದು ಬೇರೆ ಅಂತ ಎಲ್ಲಿ ಬರೆದಿದ್ದೀರಿ?'

ಎಲ್ಲೂ ಬರೆದಿರಲಿಲ್ಲ. ಮೇಸ್ತ್ರಿ ಸುತ್ತಿಗೆ ಹಿಡಿದು ನನ್ನ ಮುಖ ನೋಡುತ್ತಾ ನಿಂತಿದ್ದ. ಅಳತೆಗೆ ಬಂದ ದಿನ ನಾನೇ ಹತ್ತು ಕಡೆ ತಟ್ಟಿ ನೋಡಿದ್ದರೆ ಸಾಕಿತ್ತು. ಟೇಪ್ ಹಿಡಿದು ಉದ್ದ, ಅಗಲ ಮಾತ್ರ ಬರೆದುಕೊಂಡು ಹೋಗಿದ್ದೆ. ಗಾರೆ ಕಿತ್ತು ಕೆಳಗಿಳಿಸಲು ಇಬ್ಬರು ಆಳಿಗೆ ನಾಲ್ಕು ದಿನ ಹಿಡಿಯಿತು. ಆ ಕೂಲಿ ನನ್ನ ಜೇಬಿಂದಲೇ ಹೋಯಿತು.

ಕೆಲಸ ಮುಗಿಸಿ ಬಾಕಿ ಕೇಳಿದಾಗ, 'ಒಂದು ಒಳ್ಳೇ ಮಳೆ ಬರಲಿ' ಅಂದರು. ಅವರದೂ ತಪ್ಪು ಅನ್ನೋಕಾಗಲ್ಲ. ಮುಗಿಯುವುದು ಅಂದರೆ ಏನು ಅಂತ ನಾನು ಹೇಳಿರಲೇ ಇಲ್ಲ. ಎರಡು ತಿಂಗಳು ಕಾದೆ.

ಈಗ ಆ ಪತ್ರವನ್ನು ಪ್ರತಿ ಸಲ ಹೊಸದಾಗಿ ಬರೆಯುತ್ತೇನೆ. ಅಳತೆ ಎಷ್ಟು, ಎಷ್ಟು ಕೋಟ್, ಕೋಟಿಂಗನ್ನು ಪ್ಯಾರಪೆಟ್ ಗೋಡೆ ಮೇಲೆ ಒಂದು ಅಡಿ ಏರಿಸುವುದು ಸೇರಿದೆಯಾ, ಎಲ್ಲ ಇರುತ್ತದೆ. ಅದರ ಕೆಳಗೇ 'ಈ ರೇಟಿನಲ್ಲಿ ಸೇರಿಲ್ಲ' ಅಂತ ಇನ್ನೊಂದು ಸಾಲು: ಟೊಳ್ಳು ಗಾರೆ ಕೀಳುವುದು, ಮತ್ತೆ ಹಾಕುವುದು, ಡೆಬ್ರಿಸ್ ಸಾಗಿಸುವುದು. ಬೇಕಾದರೆ ಚದರ ಅಡಿಗೆ ಇಷ್ಟು ಅಂತ ಅಲ್ಲೇ ರೇಟ್ ಕೊಡುತ್ತೇನೆ. ಕೆಲಸದ ನಡುವೆ ಚೌಕಾಸಿಗೆ ಕೂರುವ ಹಾಗಿಲ್ಲ.

ವ್ಯಾಲಿಡಿಟಿಗೆ ದಿನ ಎಣಿಸಲ್ಲ, ಕೊನೇ ತಾರೀಕೇ ಬರೆಯುತ್ತೇನೆ. ಅದು ದಾಟಿದರೆ ಫೋನಲ್ಲಿ ಹೂಂ ಅನ್ನದೆ ಹೊಸ ಕೊಟೇಶನ್ ಕಳಿಸುತ್ತೇನೆ.

ಹಣ ಮೂರು ಕಂತು. ಆರ್ಡರ್ ಜೊತೆ 40, ಮೊದಲ ಕೋಟ್ ಒಣಗಿದ ಮೇಲೆ 40, ಪಾಂಡಿಂಗ್ ಟೆಸ್ಟ್ ಆಗಿ 7 ದಿನದೊಳಗೆ 20 ಪರ್ಸೆಂಟ್. ಆ ಟೆಸ್ಟ್‌ಗೆ ಮಳೆನೀರು ಇಳಿಯುವ ಪೈಪ್ ಬಾಯಿ ಕಟ್ಟಿ ಟೆರೇಸ್ ಮೇಲೆ 48 ಗಂಟೆ ನೀರು ನಿಲ್ಲಿಸುತ್ತೇವೆ. ಆಮೇಲೆ ಕೆಳಗಿನ ಸೀಲಿಂಗ್‌ನ ಮೂಲೆ ಮೂಲೆ ಇಬ್ಬರೂ ಸೇರಿ ನೋಡಿ, ಅಲ್ಲೇ ಸಹಿ ಹಾಕುತ್ತೇವೆ.