ಹೆಡ್‌ಫೋನ್ ಬಗ್ಗೆ ಪಾಲಕರಿಗೆ ನಾನು ಬರೆದ ಎರಡು ಪತ್ರ

ಮುಂಬೈಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಮುಖ್ಯಾಧ್ಯಾಪಕಿ. 2020ರ ಜುಲೈನಲ್ಲಿ, ಆನ್‌ಲೈನ್ ಕ್ಲಾಸು ಶುರುವಾಗಿ ಒಂದು ತಿಂಗಳಾಗಿತ್ತು, ಪಾಲಕರಿಗೆ ಒಂದು ಪತ್ರ ಕಳಿಸಿದೆ. ವಾಲ್ಯೂಮ್ ಶೇಕಡಾ 60 ದಾಟದಿರಲಿ, ನಡುನಡುವೆ ವಿರಾಮ ಕೊಡಿ, ಮಕ್ಕಳ ಕಿವಿ ಜೋಪಾನ. ಅಷ್ಟೇ. ಬರೆದು ಗ್ರೂಪಿಗೆ ಹಾಕಿ, ಒಂದು ಕೆಲಸ ಮುಗೀತು ಅಂದುಕೊಂಡೆ.

ಹತ್ತು ದಿನ ಕಳೆದ ಮೇಲೆ ಏಳನೇ ಕ್ಲಾಸಿನ ಒಬ್ಬ ಹುಡುಗನ ತಾಯಿ ಫೋನ್ ಮಾಡಿದರು. ವಿಜಾಪುರ ಕಡೆಯವರು, ಚಾಳ್‌ನಲ್ಲಿ ಒಂದೇ ಖೋಲಿ, ಮನೆಯಲ್ಲಿ ಐದು ಜನ. "ಬಾಯಾರ, ರಾತ್ರಿ ಮಲಗಿದ್ರ ಕಿವ್ಯಾಗ ಗುಂಯ್ ಅಂತೈತಿ ಅಂತಾನ್ರಿ. ಸಣ್ಣ ಮಾಡೋ ಅಂದ್ರ, ಸಣ್ಣ ಮಾಡಿದ್ರ ಕೇಳಂಗಿಲ್ಲ ಅಂತಾನ." ನಾನು ಮತ್ತೆ ಅದೇ ಶೇಕಡಾ 60ರ ಪಾಠ ಒಪ್ಪಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರವತ್ತು ಅಂದ್ರ ಎಲ್ಲೈತ್ರಿ ಫೋನ್ಯಾಗ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನಿನಲ್ಲಿ ಎಲ್ಲೂ 60 ಅಂತ ಬರೆದಿರಲ್ಲ, ಅಲ್ವಾ? ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ವಾಲ್ಯೂಮ್ ಬಟನ್ ಸೊನ್ನೆಯಿಂದ ತುದಿಯವರೆಗೆ 15 ಸಲ ಒತ್ತುವಷ್ಟಿರುತ್ತದೆ, ಅದರಲ್ಲಿ 9 ಸಲ ಒತ್ತಿದರೆ ಶೇಕಡಾ 60. ಇದನ್ನೇ ಪತ್ರದಲ್ಲಿ ಬರೆದಿದ್ದರೆ ಆಗುತ್ತಿತ್ತು. ಆದರೆ ಆಕೆಯ ಮಾತಿನಲ್ಲಿ ನನ್ನನ್ನು ಕುಟುಕಿದ್ದು ಇನ್ನೊಂದು: ಸಣ್ಣ ಮಾಡಿದರೆ ಕೇಳಲ್ಲ. ಹುಡುಗ ಸುಳ್ಳು ಹೇಳುತ್ತಿಲ್ಲ ಅನ್ನಿಸಿತು.

ಮರುದಿನ ನಾನೇ ವಿದ್ಯಾರ್ಥಿನಿಯ ಹಾಗೆ ಏಳನೇ ಕ್ಲಾಸಿಗೆ ಸೇರಿಕೊಂಡೆ, ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕುಕ್ಕರ್ ಪಕ್ಕ ಕೂತು, ಅಗ್ಗದ ಇಯರ್‌ಫೋನ್ ಹಾಕಿಕೊಂಡು. ಮೊದಲು ಗಣಿತ. ನಮ್ಮ ಗಣಿತದ ಮೇಷ್ಟ್ರು ಗೋಡೆಗೆ ಬೋರ್ಡು ಹಾಕಿ, ಅದು ಪೂರ್ತಿ ಕಾಣಲಿ ಅಂತ ಫೋನನ್ನು ಆರು ಅಡಿ ದೂರ ಸ್ಟೂಲಿನ ಮೇಲಿಟ್ಟಿದ್ದರು, ಮೇಲೆ ಫ್ಯಾನು ಗರಗರ. ಧ್ವನಿ ಬಾವಿಯೊಳಗಿಂದ ಬಂದ ಹಾಗೆ. 9ರಲ್ಲಿ ಏನೂ ತಿಳಿಯಲಿಲ್ಲ. 12, 13, ಕುಕ್ಕರ್ ಕೂಗಿದಾಗ ಪೂರ್ತಿ 15. ಪೀರಿಯಡ್ ಮುಗಿದು ಇಂಗ್ಲಿಷ್ ಟೀಚರ್ ಬಂದರು, ಅವರದು ಬಾಯಿಯ ಮುಂದೆಯೇ ಮೈಕ್ ಇರುವ ಹೆಡ್‌ಸೆಟ್. "ಗುಡ್ ಮಾರ್ನಿಂಗ್" ಅಂದದ್ದು ಕಪಾಳಕ್ಕೆ ಹೊಡೆದ ಹಾಗಾಯಿತು. ನಾನು ಕಿತ್ತು ಹಾಕಿದೆ. ಹುಡುಗರು ಕೀಳಲ್ಲ, ಅದೇ 15ರಲ್ಲಿ ಕೂರುತ್ತಾರೆ, ಅದೇ ಅಭ್ಯಾಸವಾಗಿ ಹೋಗುತ್ತದೆ.

ಅಂದರೆ ಗದ್ದಲ ಪಾಲಕರ ಮನೆಯಲ್ಲಿತ್ತು ನಿಜ, ಆದರೆ ಅರ್ಧ ತಪ್ಪು ನಮ್ಮ ಮೈಕಿನಲ್ಲಿತ್ತು. ನಾನು ಪತ್ರ ಬರೆದದ್ದು ಮಾತ್ರ ಪಾಲಕರಿಗೆ.

ಹುಡುಗನನ್ನು ಕಿವಿ ಡಾಕ್ಟರಿಗೆ ತೋರಿಸಿದರು. ಪರೀಕ್ಷೆಯಲ್ಲಿ ಕೇಳುವ ಶಕ್ತಿ ಸರಿಯಾಗಿಯೇ ಇತ್ತು. ಅದನ್ನು ಕೇಳಿ ನಾನು ಉಸಿರು ಬಿಟ್ಟೆ. ಆದರೆ ಡಾಕ್ಟರು ತಾಯಿಗೆ ಹೇಳಿದ್ದು ಬೇರೆ: ಗುಂಯ್ ಅನ್ನೋದು ಕಿವಿ ದಣಿದ ಲಕ್ಷಣ, ಬಿಡುವು ಕೊಟ್ಟರೆ ಹೋಗುತ್ತದೆ, ದಿನಾ ದಣಿಸಿದರೆ ಒಂದು ದಿನ ಹೋಗದೆ ಉಳಿಯುತ್ತದೆ. ಒಳಗಿವಿಯಲ್ಲಿ ಸದ್ದು ಹಿಡಿಯುವ ಸಣ್ಣ ಸಣ್ಣ ಕೂದಲಿನಂಥ ಕೋಶಗಳಿವೆ, ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಆಮೇಲೆ ಲೆಕ್ಕ ಹಾಕಲು ಕೂತೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳಿಗೆ 75 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ ಸರಿ. ಅದು 3 ಡೆಸಿಬಲ್ ಏರಿದಾಗಲೆಲ್ಲ ಗಂಟೆ ಅರ್ಧ ಆಗುತ್ತದೆ: 78ಕ್ಕೆ 20 ಗಂಟೆ, 81ಕ್ಕೆ 10, 84ಕ್ಕೆ ಬರೀ 5. ಆಗ ನಮ್ಮಲ್ಲಿ ದಿನಕ್ಕೆ ಮುಕ್ಕಾಲು ಗಂಟೆಯ ನಾಲ್ಕು ಪೀರಿಯಡ್, ವಾರಕ್ಕೆ ಆರು ದಿನ, ಅಂದರೆ 18 ಗಂಟೆ. 84ರಲ್ಲಿ ಕೇಳುವ ಹುಡುಗ ಮಂಗಳವಾರವೇ ವಾರದ ಪಾಲು ಮುಗಿಸಿಬಿಡುತ್ತಾನೆ. ಗೇಮು, ಕಾರ್ಟೂನು ಬೇರೆ. ಅಂಗಡಿಯಲ್ಲಿ "ಮಕ್ಕಳ ಹೆಡ್‌ಫೋನ್, 85 ಡೆಸಿಬಲ್ ಮೀರಲ್ಲ" ಅಂತ ಮಾರುತ್ತಾರಲ್ಲ, ಅದನ್ನು ತಂದು ನಿಶ್ಚಿಂತೆಯಿಂದ ಇರುವವರು ಈ ಲೆಕ್ಕ ಒಮ್ಮೆ ನೋಡಬೇಕು.

ಅದೇ ತಿಂಗಳು ಕೇಂದ್ರ ಸರ್ಕಾರದ ಪ್ರಜ್ಞಾತಾ ಮಾರ್ಗಸೂಚಿ ಬಂತು. ಎಂಟನೇ ಕ್ಲಾಸಿನವರೆಗೆ ದಿನಕ್ಕೆ ಎರಡೇ ಪೀರಿಯಡ್, ಒಂದೊಂದು 30ರಿಂದ 45 ನಿಮಿಷ. ನಾವೂ ಎರಡಕ್ಕೆ ಇಳಿಸಿದೆವು. ಮೇಷ್ಟ್ರುಗಳಿಗೆ ಒಂದು ನಿಯಮ ಮಾಡಿದೆ: ಕ್ಲಾಸಿಗೆ ಐದು ನಿಮಿಷ ಮೊದಲು ಮನೆಯ ಇನ್ನೊಂದು ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು, ವಾಲ್ಯೂಮ್ 8ರಲ್ಲಿ ನಿಮ್ಮದೇ ಧ್ವನಿ ಮನೆಯವರಿಗೆ ಕೇಳಿಸಿ. ಸರಿಯಾಗಿ ಕೇಳದಿದ್ದರೆ ಮೈಕ್ ಹತ್ತಿರ ತನ್ನಿ, ಫ್ಯಾನ್ ಆರಿಸಿ. ಗಣಿತದ ಮೇಷ್ಟ್ರು ಮೂರು ದಿನ ಬೇಸರಪಟ್ಟುಕೊಂಡರು, ಆಮೇಲೆ ತಂತಿಯ ಇಯರ್‌ಫೋನಿನ ಮೈಕನ್ನು ಶರ್ಟಿಗೆ ಸಿಕ್ಕಿಸಿಕೊಂಡು ಬಂದರು. ಆಗಸ್ಟ್ ಮುಂಬೈಯಲ್ಲಿ ಫ್ಯಾನಿಲ್ಲದೆ ಪಾಠ ಮಾಡೋದು ಸುಮ್ನೆ ಅಲ್ಲ, ಅದನ್ನೂ ಒಪ್ಪಬೇಕು.

ಇಷ್ಟಾದ ಮೇಲೆ ಎರಡನೇ ಪತ್ರ:

"ಪ್ರಿಯ ಪಾಲಕರೇ, ಮೇಷ್ಟ್ರ ಧ್ವನಿ ಸಣ್ಣದಾಗಿ ಬರುತ್ತಿದ್ದುದು ನಮ್ಮ ತಪ್ಪು, ಸರಿಪಡಿಸಿದ್ದೇವೆ. ಇನ್ನು ಮುಂದೆ ವಾಲ್ಯೂಮ್ ಪೂರ್ತಿ ಇಳಿಸಿ, 9 ಸಲ ಒತ್ತಿ, ಅದಕ್ಕಿಂತ ಮೇಲೆ ಬೇಡ. ಅಷ್ಟರಲ್ಲೂ ಕೇಳದಿದ್ದರೆ ಏರಿಸಬೇಡಿ, ನಮಗೆ ತಿಳಿಸಿ. ಇಯರ್‌ಫೋನ್ ಒಂದೊಂದು ತರಹ ಇರುತ್ತದೆ, ಅದಕ್ಕೆ ಇನ್ನೊಂದು ಪರೀಕ್ಷೆ: ಪಾಠ ನಡೆಯುವಾಗ ಒಂದು ಕೈ ದೂರದಲ್ಲಿ ನಿಂತು ಮಾಮೂಲಿ ದನಿಯಲ್ಲಿ ಹೆಸರು ಕರೆಯಿರಿ, ಮಗು ತಿರುಗದಿದ್ದರೆ ಸದ್ದು ಜಾಸ್ತಿಯಾಗಿದೆ. ಅಕ್ಕ ತಮ್ಮ ಒಂದೇ ಇಯರ್‌ಫೋನನ್ನು ಒಂದೊಂದು ಕಿವಿಗೆ ಹಂಚಿಕೊಂಡರೆ ಇಬ್ಬರಿಗೂ ಸಣ್ಣದಾಗಿ ಕೇಳಿ ಇಬ್ಬರೂ ಏರಿಸುತ್ತಾರೆ, ಅದರ ಬದಲು ಸ್ಪೀಕರ್ ಹಾಕಿ. ಪಾಠದ ಹೊತ್ತಿಗೆ ಮಿಕ್ಸರ್ ಹಾಕಬೇಡಿ. ಪೀರಿಯಡ್ ಮುಗಿದರೆ ಹತ್ತು ನಿಮಿಷ ಹೆಡ್‌ಫೋನ್ ಗೋಡೆಯ ಮೊಳೆಗೆ ಹೋಗಲಿ. ಕಿವಿಯಲ್ಲಿ ಗುಂಯ್ ಅಂದರೆ, ಹತ್ತಿ ತುರುಕಿದ ಹಾಗೆ ಅನ್ನಿಸಿದರೆ, ಆ ದಿನ ಹೆಡ್‌ಫೋನ್ ಬೇಡ. ಹಾಜರಿ ಹೋಗುವುದಿಲ್ಲ."

ಮೊಳೆಯ ಮಾತು ಬಂದದ್ದಕ್ಕೆ ಕಾರಣ ಇದೆ. ಮೊದಲ ಪತ್ರದ 'ವಿರಾಮ'ದಲ್ಲಿ ಹುಡುಗರು ಅದೇ ಹೆಡ್‌ಫೋನ್ ಹಾಕಿಕೊಂಡು ಗೇಮ್ ಆಡುತ್ತಿದ್ದರು. ಕಣ್ಣಿಗೂ ವಿರಾಮ ಇಲ್ಲ, ಕಿವಿಗೂ ಇಲ್ಲ.

ಕೊನೆಯ ವಾಕ್ಯ ಬೇಡ, ಎಲ್ಲರೂ ಗುಂಯ್ ಅಂತಾರೆ ಅಂತ ಒಬ್ಬ ಟೀಚರ್ ಅಂದರು. ಮೊದಲ ವಾರ ಒಂಬತ್ತು ಮಕ್ಕಳಿಗೆ ಗುಂಯ್ ಅಂದಿತು. ಒಬ್ಬೊಬ್ಬರಿಗೇ ಫೋನ್ ಮಾಡಿದೆ. ನಾಲ್ವರದು ಕಳ್ಳಗುಂಯ್. ಇನ್ನು ಮೂವರಿಗೆ ಮಳೆಗಾಲದ ತೇವದಲ್ಲಿ ದಿನಾ ಕಿವಿ ಮುಚ್ಚಿಕೊಂಡು ಒಳಗೆ ನವೆ, ಅವರನ್ನು ಡಾಕ್ಟರಿಗೆ ತೋರಿಸಲು ಹೇಳಿದೆ. ಉಳಿದ ಇಬ್ಬರು ಇನ್ನೂ 14ರಲ್ಲೇ ಕೇಳುತ್ತಿದ್ದರು, ಅದೂ ಗಣಿತದ ಪೀರಿಯಡ್‌ನಲ್ಲಲ್ಲ, ಸಮಾಜ ವಿಜ್ಞಾನದಲ್ಲಿ. ಆ ಟೀಚರಿಗೆ ಮರುದಿನ ಫೋನ್ ಮಾಡಿ ಫ್ಯಾನ್ ಎಲ್ಲಿದೆ ಅಂತ ಕೇಳಿದೆ.